ಕಂಡದ್ದು, ಕೇಳಿದ್ದು, ಊಹಿಸಿದ್ದು: ಫೇಲಾದ ಕ್ಯೂಬಿನ ವರದಿ

‘5ನೇ ಗಾಡಿ ಲೇಟು. ಚಲನ್ 4.10, ಬಂದಿದ್ದು 6.25. ಗಟ್ಟಿ ಆಗಿತ್ತು. ಡ್ರೈವರ್ ನೀರು ಹೊಡೆದ. ಸ್ಲಂಪ್ 160. ಕ್ಯೂಬ್ ಹೆಲ್ಪರ್ ಮಾಡಿದ್ದು, ಲೈಟ್ ಸರಿ ಇಲ್ಲ. ಸಿ-ಡಿ, 2-3ಕ್ಕೆ ಹಾಕಿತು. 6.55 ಖಾಲಿ.’

ಸೈಟ್ ಎಂಜಿನಿಯರ್ ಒಬ್ಬರ ಡೈರಿಯಲ್ಲಿ, ಸ್ಲ್ಯಾಬ್ ಹಾಕಿದ ದಿನದ ಪುಟದ ಕೊನೆಯಲ್ಲಿ ಇರುವ ಸಾಲುಗಳಿವು. ಸುಸ್ತಾದ ಕೈಯ ಬರಹ. 28 ದಿನ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ಲ್ಯಾಬಿನಿಂದ ಫಲಿತಾಂಶದ ಹಾಳೆ ಬರುತ್ತದೆ: ಮೂರನೇ ಸ್ಯಾಂಪಲ್, 20.4. ಬೇಕಾಗಿದ್ದದ್ದು ಎಂ25 ಕಾಂಕ್ರೀಟು. ಅಲ್ಲಿಂದ ಫೋನುಗಳು ಶುರುವಾಗುತ್ತವೆ, ‘ಒಂದು ಇನ್ವೆಸ್ಟಿಗೇಶನ್ ರಿಪೋರ್ಟ್ ಕೊಡಿ’ ಎಂಬ ಪತ್ರ ಬರುತ್ತದೆ, ಮತ್ತು ಆ ಏಳೆಂಟು ಸಾಲುಗಳು ಇಡೀ ಕಟ್ಟಡದಲ್ಲೇ ಅತ್ಯಂತ ಬೆಲೆಬಾಳುವ ಕಾಗದವಾಗುತ್ತವೆ.

ಇದೊಂದು ಉದಾಹರಣೆ. ಎರಡು ಅಂತಸ್ತಿನ ಶಾಲಾ ಕಟ್ಟಡ, ಮೊದಲ ಮಹಡಿಯ ಛಾವಣಿ, 38 ಘನ ಮೀಟರ್ ರೆಡಿಮಿಕ್ಸ್ ಕಾಂಕ್ರೀಟು, ಏಳು ಗಾಡಿ. ಅಂಕಿಗಳನ್ನು ವಿವರಣೆಗೆಂದು ನಾನೇ ಜೋಡಿಸಿದ್ದೇನೆ. ಆದರೆ ಸೈಟುಗಳಲ್ಲಿ ಕಾಣದಂಥದ್ದು ಇದರಲ್ಲಿ ಒಂದೂ ಇಲ್ಲ. ಇಂಥ ಟಿಪ್ಪಣಿಯಿಂದ ಔಪಚಾರಿಕ ವರದಿ ಹೊರಡುವಾಗ ಸಾಮಾನ್ಯವಾಗಿ ಆಗುವುದು ಭಾಷೆಯ ಇಸ್ತ್ರಿ ಮಾತ್ರ. ‘ಡ್ರೈವರ್ ನೀರು ಹೊಡೆದ’ ಎಂಬುದು ‘ಸಾಗಣೆಯ ಹಂತದಲ್ಲಿ ನೀರಿನ ಪ್ರಮಾಣದಲ್ಲಿ ವ್ಯತ್ಯಯ ಉಂಟಾಗಿರುವುದು ಕಂಡುಬಂದಿದೆ’ ಎಂದಾಗುತ್ತದೆ. ಮಾತು ಗಂಭೀರವಾಯಿತು, ವಿಷಯ ಕಳೆದುಹೋಯಿತು. ಯಾರಿಗೆ ಕಂಡುಬಂತು? ಎಷ್ಟು ನೀರು? ಸ್ಲಂಪ್ ಅಳೆದದ್ದು ನೀರಿಗೆ ಮುಂಚೆಯೋ ಆಮೇಲೋ? ವರದಿ ಬರೆಯುವವರ ನಿಜವಾದ ಕೆಲಸ ಕಂಡದ್ದನ್ನು, ಕೇಳಿದ್ದನ್ನು, ಊಹಿಸಿದ್ದನ್ನು ಬೇರೆ ಬೇರೆ ಇಡುವುದು. ಟಿಪ್ಪಣಿಯಲ್ಲಿ ಈ ಮೂರೂ ಒಂದೇ ಉಸಿರಿನಲ್ಲಿ ಬಂದಿರುತ್ತವೆ.

ಮೊದಲು ಫೇಲ್ ಅಂದರೆ ಏನು ಎಂಬುದನ್ನು ನೋಡೋಣ. ಹಾಕುತ್ತಿರುವ ಕಾಂಕ್ರೀಟಿನಿಂದಲೇ ಸ್ವಲ್ಪ ತೆಗೆದು 150 ಮಿಲಿಮೀಟರ್ ಅಚ್ಚುಗಳಲ್ಲಿ ತುಂಬಿ, ಮರುದಿನ ಬಿಚ್ಚಿ, 27 ಡಿಗ್ರಿ ಆಸುಪಾಸಿನ ನೀರಿನಲ್ಲಿಟ್ಟು, 28ನೇ ದಿನ ಯಂತ್ರದಲ್ಲಿಟ್ಟು ಒಡೆಯುತ್ತಾರೆ. ಒಡೆದ ಭಾರವನ್ನು ಕ್ಯೂಬಿನ ಮುಖದ ವಿಸ್ತೀರ್ಣದಿಂದ, ಅಂದರೆ 22,500 ಚದರ ಮಿಲಿಮೀಟರಿನಿಂದ, ಭಾಗಿಸಿದರೆ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಶಕ್ತಿ ಸಿಗುತ್ತದೆ. ಮುಂದೆ ಬರೀ ನ್ಯೂಟನ್ ಎನ್ನುತ್ತೇನೆ. ಮೂರು ಕ್ಯೂಬುಗಳ ಸರಾಸರಿಯೇ ಒಂದು ಸ್ಯಾಂಪಲ್ಲಿನ ಫಲಿತಾಂಶ. ಐಎಸ್ 456 ಪ್ರಕಾರ 31ರಿಂದ 50 ಘನ ಮೀಟರ್ ಕಾಂಕ್ರೀಟಿಗೆ ನಾಲ್ಕು ಸ್ಯಾಂಪಲ್ ಬೇಕು. ನಮ್ಮ ಸೈಟಿನಲ್ಲಿ 1, 3, 5 ಮತ್ತು 7ನೇ ಗಾಡಿಗಳಿಂದ ತೆಗೆದಿದ್ದರು. ಫಲಿತಾಂಶ: 31.2, 30.4, 20.4, 28.8.

ಇಲ್ಲಿ ಗುತ್ತಿಗೆದಾರರ ಕಡೆಯಿಂದ ಬರುವ ಮೊದಲ ವಾದ ಇದು: ‘ನಾಲ್ಕರ ಸರಾಸರಿ 27.7 ಬಂತಲ್ಲ ಸಾರ್, 25 ದಾಟಿತು, ಇನ್ನೇನು?’ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಎಂ25ರ ಆ 25 ಸರಾಸರಿಯಲ್ಲ. ನೂರು ಫಲಿತಾಂಶ ತೆಗೆದರೆ ಐದಕ್ಕಿಂತ ಹೆಚ್ಚು ಅದರ ಕೆಳಗೆ ಇಳಿಯಬಾರದು ಎಂಬ ಗೆರೆ ಅದು. ಹಾಗಾಗಿ ಸರಾಸರಿ ಆ ಗೆರೆಗಿಂತ ಸಾಕಷ್ಟು ಮೇಲಿರಬೇಕು. ಎಷ್ಟು ಮೇಲೆ ಎಂಬುದಕ್ಕೆ ಐಎಸ್ 456 ಎರಡು ಪರೀಕ್ಷೆ ಇಡುತ್ತದೆ. ಮೊದಲನೆಯದು ನಾಲ್ಕು ಫಲಿತಾಂಶಗಳ ಸರಾಸರಿಗೆ: ಸೈಟಿನದೇ ಏರಿಳಿತದ ಲೆಕ್ಕ ಇನ್ನೂ ಸಿದ್ಧವಿಲ್ಲದಿದ್ದರೆ ಎಂ25ಕ್ಕೆ ಪುಸ್ತಕದ ಅಂಕಿ ಹಿಡಿದುಕೊಂಡು 28.5 ನ್ಯೂಟನ್ ಬೇಕು. ನಮ್ಮದು 27.7. ಎರಡನೆಯದು ಬಿಡಿ ಫಲಿತಾಂಶಕ್ಕೆ: ತಿದ್ದುಪಡಿಯಾದ ಈಗಿನ ಕೋಷ್ಟಕದಂತೆ ಯಾವೊಂದು ಸ್ಯಾಂಪಲ್ಲೂ 22ಕ್ಕಿಂತ ಕೆಳಗಿರಬಾರದು. ನಮ್ಮದು 20.4. ಎರಡೂ ಕಡೆ ಫೇಲ್. ವರದಿಯ ಮೊದಲ ಪುಟದಲ್ಲೇ ಇದನ್ನು ಅಂಕಿ ಸಮೇತ, ಬೇಕಾದದ್ದು ಇಷ್ಟು, ಬಂದದ್ದು ಇಷ್ಟು ಎಂದು ಬರೆಯಬೇಕು. ‘ಸ್ವಲ್ಪ ಕಡಿಮೆ ಬಂದಿದೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಎರಡನೇ ವಾದ: ‘ಆ ಕ್ಯೂಬೇ ಸರಿ ಇರಲಿಲ್ಲ, ಬಿಟ್ಟುಬಿಡಿ.’ ಇದನ್ನು ತಳ್ಳಿಹಾಕುವ ಹಾಗಿಲ್ಲ, ಪರೀಕ್ಷಿಸಬೇಕು. ಕ್ಯೂಬು ಸ್ಲ್ಯಾಬಿನ ತುಂಡಲ್ಲ. ಅದೇ ಕಾಂಕ್ರೀಟಿನಿಂದ ಬೇರೆ ಕೈ, ಬೇರೆ ಅಚ್ಚು, ಬೇರೆ ನೀರಿನಲ್ಲಿ ಬೆಳೆದದ್ದು. ಕಾಂಕ್ರೀಟು ಚೆನ್ನಾಗಿದ್ದು ಕ್ಯೂಬು ಕೆಡುವುದುಂಟು. ಆದ್ದರಿಂದ ತನಿಖೆ ಕ್ಯೂಬಿನಿಂದಲೇ ಶುರುವಾಗಿ, ಅಲ್ಲಿಂದ ಗಾಡಿಗೆ, ಗಾಡಿಯಿಂದ ಸ್ಲ್ಯಾಬಿಗೆ ಹೋಗಬೇಕು. ವರದಿಯ ಅಧ್ಯಾಯಗಳೂ ಅದೇ ಕ್ರಮದಲ್ಲಿ ಬಂದರೆ ಓದುವವರಿಗೆ ದಾರಿ ತಪ್ಪುವುದಿಲ್ಲ.

ಮೂರನೇ ಸ್ಯಾಂಪಲ್ಲಿನ ಮೂರು ಕ್ಯೂಬುಗಳು ಒಡೆದದ್ದು 455, 471 ಮತ್ತು 451 ಕಿಲೋನ್ಯೂಟನ್ ಭಾರಕ್ಕೆ. ಅಂದರೆ 20.2, 20.9, 20.0. ಬಿಡಿ ಕ್ಯೂಬುಗಳು ತಮ್ಮ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋದರೆ ಇಡೀ ಸ್ಯಾಂಪಲ್ ಅಸಿಂಧು ಎಂದು ಐಎಸ್ 456 ಹೇಳುತ್ತದೆ. ಇಲ್ಲಿ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಸ್ಯಾಂಪಲ್ ಸಿಂಧು, ಎಸೆಯುವಂತಿಲ್ಲ. ಮೂರೂ ಒಟ್ಟಿಗೆ ಕೆಳಗಿಳಿದಿವೆ ಎಂದರೆ ಒಂದು ಕ್ಯೂಬಿನ ಮೂಲೆ ಮುಕ್ಕಾದಂಥ ಆಕಸ್ಮಿಕವಲ್ಲ, ಮೂರಕ್ಕೂ ಸಮಾನವಾದ ಏನೋ ಒಂದು ಕಾರಣ ಇದೆ. ಆ ಸಮಾನ ಕಾರಣ ಯಂತ್ರವೇ? ಅದೇ ದಿನ, ಅದೇ ಯಂತ್ರದಲ್ಲಿ, ಅದೇ ತಂತ್ರಜ್ಞರು ಒಡೆದ ನಾಲ್ಕನೇ ಸ್ಯಾಂಪಲ್ 28.8 ಕೊಟ್ಟಿದೆ. ಕ್ಯೂರಿಂಗೇ? ಎಲ್ಲ ಕ್ಯೂಬುಗಳೂ ಒಂದೇ ತೊಟ್ಟಿಯಲ್ಲಿದ್ದವು. ಹೀಗೆ ಒಂದೊಂದನ್ನೂ ಯಾಕೆ ಬಿಟ್ಟೆವು ಎಂದು ಬರೆಯುವುದು ಮುಖ್ಯ. ‘ಯಂತ್ರದ ದೋಷವಿಲ್ಲ’ ಎಂದಷ್ಟೇ ಬರೆದರೆ ಅದು ಅಭಿಪ್ರಾಯ. ನಾಲ್ಕನೇ ಸ್ಯಾಂಪಲ್ಲಿನ ಅಂಕಿ ಪಕ್ಕಕ್ಕಿಟ್ಟು, ಯಂತ್ರದ ಕ್ಯಾಲಿಬ್ರೇಶನ್ ಪ್ರಮಾಣಪತ್ರದ ದಿನಾಂಕ ಹಾಕಿ ಬರೆದರೆ ಅದು ತೀರ್ಮಾನ.

ಇನ್ನು ತೂಕ. ಲ್ಯಾಬಿನ ಹಾಳೆಯಲ್ಲಿ ಭಾರದ ಪಕ್ಕದ ಕಾಲಂನಲ್ಲಿ ಕ್ಯೂಬಿನ ತೂಕ ಇರುತ್ತದೆ, ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ನನ್ನ ಮಟ್ಟಿಗೆ ಅದು ಆ ಹಾಳೆಯ ಅತ್ಯುತ್ತಮ ಸಾಕ್ಷಿ. ಬೇರೆ ಸ್ಯಾಂಪಲ್ಲುಗಳ ಕ್ಯೂಬುಗಳು ಸರಾಸರಿ 8.14 ಕಿಲೋ ಇದ್ದವು. ಮೂರನೇ ಸ್ಯಾಂಪಲ್ಲಿನವು 7.85 ಕಿಲೋ. ಅಳತೆ ಒಂದೇ ಆದ ಅಚ್ಚಿನಲ್ಲಿ ಸುಮಾರು 300 ಗ್ರಾಂ ಕಡಿಮೆ ಎಂದರೆ ಆ ಜಾಗದಲ್ಲಿ ಒಂದಿಷ್ಟು ಹೆಚ್ಚಿನ ನೀರಿದೆ, ಇಲ್ಲವೇ ಗಾಳಿಯಿದೆ, ಇಲ್ಲವೇ ಎರಡೂ ಇವೆ. ಗಾಳಿ ಎಲ್ಲಿಂದ ಬಂತು? ಡೈರಿ ಹೇಳುತ್ತದೆ: ‘ಕ್ಯೂಬ್ ಹೆಲ್ಪರ್ ಮಾಡಿದ್ದು, ಲೈಟ್ ಸರಿ ಇಲ್ಲ.’

ಕೈಯಿಂದ ಕ್ಯೂಬ್ ತುಂಬುವುದಾದರೆ ಮೂರು ಪದರವಾಗಿ ಹಾಕಿ, 16 ಮಿಲಿಮೀಟರ್ ಕಂಬಿಯಿಂದ ಪದರಕ್ಕೆ 35 ಸಲ ಕುಟ್ಟಬೇಕು. ಒಂದು ಕ್ಯೂಬಿಗೆ 105 ಕುಟ್ಟು, ಒಂದು ಸ್ಯಾಂಪಲ್ಲಿಗೆ 315. ಸಂಜೆ ಆರೂಮುಕ್ಕಾಲಿಗೆ, ಮಬ್ಬು ಬೆಳಕಿನಲ್ಲಿ, ಕೆಲಸ ಮುಗಿಸಿ ಮನೆಗೆ ಹೋಗಲು ಕಾಯುತ್ತಿರುವ ಹುಡುಗ ಅಷ್ಟನ್ನೂ ಕುಟ್ಟಿದನೇ? ಯಾರೂ ಎಣಿಸಿಲ್ಲ. ಆದ್ದರಿಂದ ವರದಿಯಲ್ಲಿ ‘ಕ್ಯೂಬುಗಳನ್ನು ಸರಿಯಾಗಿ ಕುಟ್ಟಿಲ್ಲ’ ಎಂದು ಬರೆಯುವ ಹಾಗಿಲ್ಲ. ಬರೆಯಬೇಕಾದದ್ದು ಹೀಗೆ:

‘ಸ್ಯಾಂಪಲ್ 3ರ ಕ್ಯೂಬುಗಳನ್ನು ತಯಾರಿಸಿದವರು ನಿಯಮಿತ ಲ್ಯಾಬ್ ಸಹಾಯಕರಲ್ಲ, ಅವರು ಸಂಜೆ 6ಕ್ಕೆ ಸೈಟ್ ಬಿಟ್ಟಿದ್ದರು (ಹಾಜರಿ ಪುಸ್ತಕ). ಕ್ಯೂಬುಗಳ ಸರಾಸರಿ ತೂಕ ಇತರ ಸ್ಯಾಂಪಲ್ಲುಗಳಿಗಿಂತ ಶೇ. 3.6ರಷ್ಟು ಕಡಿಮೆ ಇದೆ (ಲ್ಯಾಬ್ ಹಾಳೆ). ಇದು ಅಪೂರ್ಣ ಕುಟ್ಟುವಿಕೆಗೆ ಹೊಂದುತ್ತದೆ. ಕುಟ್ಟುವುದನ್ನು ಮೇಲ್ವಿಚಾರಕರು ಯಾರೂ ನೋಡಿದ ದಾಖಲೆ ಇಲ್ಲ.’

ನಾಲ್ಕು ವಾಕ್ಯ. ಮೊದಲೆರಡು ದಾಖಲೆ, ಎರಡಕ್ಕೂ ಮೂಲ ಪಕ್ಕದಲ್ಲೇ ಇದೆ. ಮೂರನೆಯದು ಊಹೆ, ಮತ್ತು ಊಹೆ ಎಂದು ಮುಖ ನೋಡಿದರೇ ಗೊತ್ತಾಗುತ್ತದೆ. ‘ಹೊಂದುತ್ತದೆ’ ಎಂಬ ಒಂದು ಕ್ರಿಯಾಪದ ಇಲ್ಲಿ ತುಂಬ ಕೆಲಸ ಮಾಡುತ್ತದೆ: ಕಾರಣ ಇದೇ ಎಂದು ಹೇಳುವುದಿಲ್ಲ, ಇರಬಹುದಾದ ಕಾರಣವನ್ನು ಮುಚ್ಚಿಡುವುದೂ ಇಲ್ಲ. ಹುಡುಗನ ಹೆಸರು ಈ ವಾಕ್ಯದಲ್ಲಿ ಬೇಕಿಲ್ಲ. ಮೇಲ್ವಿಚಾರಣೆ ಇರಲಿಲ್ಲ ಎಂಬುದು ಅವನ ತಪ್ಪಲ್ಲ, ವ್ಯವಸ್ಥೆಯ ಲೋಪ.

ಈಗ ಗಾಡಿಯ ವಿಷಯಕ್ಕೆ ಬರೋಣ. ಡೈರಿಯ ‘ಡ್ರೈವರ್ ನೀರು ಹೊಡೆದ’ ಎಂಬ ಸಾಲನ್ನು ಹಾಗೇ ವರದಿಗೆ ಎತ್ತಿಕೊಂಡರೆ ಅದು ರೆಡಿಮಿಕ್ಸ್ ಕಂಪನಿಯ ಮೇಲೆ ನೇರ ಆರೋಪ. ಬರೆದವರನ್ನು ಕೂರಿಸಿಕೊಂಡು ಕೇಳಬೇಕು: ‘ನೀವೇ ನೋಡಿದ್ರಾ?’ ನಮ್ಮ ಉದಾಹರಣೆಯಲ್ಲಿ ಎಂಜಿನಿಯರ್ ಹೇಳುವುದು, ‘ಇಲ್ಲ ಸಾರ್, ನಾನು ಮೇಲೆ ಪಂಪ್ ಪೈಪ್ ಹತ್ರ ಇದ್ದೆ. ಕೆಳಗಿಂದ ಮೇಸ್ತ್ರಿ ಬಂದು ಹೇಳಿದ್ರು, ಐದಾರು ಬಕೆಟ್ ಹಾಕಿದ್ರು ಅಂತ. ಆಮೇಲೆ ಇಳಿದು ಬಂದು ಸ್ಲಂಪ್ ತೆಗೆದೆ.’ ಇಷ್ಟರಲ್ಲೇ ಮೂರು ಸಂಗತಿ ಬೇರೆಯಾದವು. ನೀರು ಹಾಕಿದ್ದು ಮೇಸ್ತ್ರಿ ಕಂಡದ್ದು, ಎಂಜಿನಿಯರ್ ಕೇಳಿದ್ದು. ಪ್ರಮಾಣ ಅಂದಾಜು. 160 ಮಿಲಿಮೀಟರ್ ಸ್ಲಂಪ್ ಎಂಜಿನಿಯರೇ ಅಳೆದದ್ದು, ಆದರೆ ನೀರು ಹಾಕಿದ ಮೇಲೆ. ನೀರಿಗೆ ಮುಂಚಿನ ಸ್ಲಂಪ್ ಯಾರೂ ಅಳೆಯಲಿಲ್ಲ. ಮೇಸ್ತ್ರಿಯ ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು ಸಹಿ ಹಾಕಿಸಿಕೊಳ್ಳಬೇಕು. ಡ್ರೈವರಿನ ಮಾತನ್ನೂ ಕೇಳಬೇಕು. ಆತ ‘ನಾನು ಹಾಕಿಲ್ಲ, ಸೈಟಿನವರೇ ಹಾಕಿಸಿದ್ದು’ ಎಂದರೆ ಅದೂ ವರದಿಗೆ ಹೋಗಬೇಕು. ಪಂಪಿನವರು ‘ಹೋಗಲ್ಲ, ಬ್ಲಾಕ್ ಆಗುತ್ತೆ’ ಎಂದು ಅವಸರ ಮಾಡಿದಾಗ ಸೈಟಿನ ಕಡೆಯವರೇ ನೀರು ಹಾಕಿಸುವುದು ಹೊಸದೇನಲ್ಲ.

ದಾಖಲೆಯಿಂದಲೇ ಹೇಳಬಹುದಾದದ್ದು ಸಮಯ. ಚಲನ್ ಪ್ರಕಾರ ಪ್ಲಾಂಟಿನಲ್ಲಿ ತುಂಬಿದ್ದು 4.10. ಸೈಟ್ ಮುಟ್ಟಿದ್ದು 6.25. ಖಾಲಿಯಾದದ್ದು 6.55. ರೆಡಿಮಿಕ್ಸ್ ಕಾಂಕ್ರೀಟಿನ ಐಎಸ್ 4926 ಸಾಮಾನ್ಯವಾಗಿ ತುಂಬಿದ ಎರಡು ಗಂಟೆಯೊಳಗೆ ಇಳಿಸಬೇಕು ಎನ್ನುತ್ತದೆ. ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕ ಹಾಕಿದ್ದರೆ ಹೆಚ್ಚು ಕಾಲ ಒಪ್ಪಬಹುದು. ಇಲ್ಲಿ ಎರಡೂಮುಕ್ಕಾಲು ಗಂಟೆ ಆಗಿದೆ. ಹಾಗಾಗಿ ಪ್ಲಾಂಟಿನಿಂದ ಆ ಗಾಡಿಯ ಬ್ಯಾಚ್ ಪ್ರಿಂಟ್ ತರಿಸಬೇಕು. ಅದರಲ್ಲಿ ಸಿಮೆಂಟು, ನೀರು, ಜಲ್ಲಿ, ಮರಳು, ರಾಸಾಯನಿಕ ನಿಜಕ್ಕೂ ಎಷ್ಟೆಷ್ಟು ಬಿತ್ತು ಎಂಬುದು ಯಂತ್ರವೇ ಬರೆದಿಟ್ಟಿರುತ್ತದೆ. ಬೇರೆ ಆರು ಗಾಡಿಗಳ ಪ್ರಿಂಟಿನ ಜೊತೆ ಇಟ್ಟು ನೋಡಿದಾಗ ಐದನೆಯದರಲ್ಲಿ ವ್ಯತ್ಯಾಸ ಕಾಣದಿದ್ದರೆ, ತೊಂದರೆ ಪ್ಲಾಂಟಿನ ಗೇಟು ದಾಟಿದ ಮೇಲೆ ಆದದ್ದು ಎಂದು ಹೇಳಲು ಆಧಾರ ಸಿಗುತ್ತದೆ. ಇಲ್ಲಿ ಹಾಗೇ ಆಯಿತು ಎಂದಿಟ್ಟುಕೊಳ್ಳೋಣ.

ಅದೇ ಚಲನ್ನುಗಳಲ್ಲಿ ಇನ್ನೊಂದು ಸಂಗತಿ ಹೊರಬರುತ್ತದೆ. ಐದನೇ ಗಾಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ 6 ಮತ್ತು 7ನೇ ಗಾಡಿಗಳು ಮೊದಲೇ ಬಂದು ಖಾಲಿಯಾಗಿದ್ದವು. ಅಂದರೆ ರಿಜಿಸ್ಟರಿನಲ್ಲಿ ಮೂರನೆಯದಾಗಿ ಕಾಣುವ ಸ್ಯಾಂಪಲ್ ವಾಸ್ತವದಲ್ಲಿ ಆ ದಿನದ ಕೊನೆಯದು. ನಾಲ್ಕನೇ ಸ್ಯಾಂಪಲ್ಲಿನ ತೂಕ ಯಾಕೆ ಸರಿಯಾಗಿತ್ತು, ಮೂರನೆಯದರಲ್ಲಿ ಮಾತ್ರ ಯಾಕೆ ಕೈ ಬದಲಾಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಡೈರಿಯಲ್ಲಿ ‘ಲೇಟು’ ಎಂಬ ಒಂದೇ ಪದವಿತ್ತು. ಅದನ್ನು ಗಂಟೆ ನಿಮಿಷಗಳ ಪಟ್ಟಿಯಾಗಿ ಬಿಡಿಸಿದಾಗ ಮಾತ್ರ ಕಥೆ ಕೂಡಿಬರುತ್ತದೆ. ಇಂಥ ವರದಿ ಬರೆಯುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಇನ್ನೇನು ಬರೆಯುವ ಮುಂಚೆ ಆ ದಿನದ ವೇಳಾಪಟ್ಟಿ ಕಟ್ಟಿ.

ಆಮೇಲೆ ಲೆಕ್ಕ. ಎಂಜಿನಿಯರುಗಳಲ್ಲಿ ಒಂದು ಒರಟು ಅಂದಾಜಿದೆ: ಸಿದ್ಧ ಕಾಂಕ್ರೀಟಿಗೆ ಘನ ಮೀಟರಿಗೆ 5 ಲೀಟರ್ ನೀರು ಹೆಚ್ಚು ಬಿದ್ದರೆ ಸ್ಲಂಪ್ ಸುಮಾರು 25 ಮಿಲಿಮೀಟರ್ ಏರುತ್ತದೆ, ಶಕ್ತಿ ಸುಮಾರು ಒಂದೂವರೆ ನ್ಯೂಟನ್ ಇಳಿಯುತ್ತದೆ. ನೀರು-ಸಿಮೆಂಟಿನ ಅನುಪಾತ ಏರಿದಂತೆ ಶಕ್ತಿ ಇಳಿಯುತ್ತದೆ ಎಂದು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿಕೊಟ್ಟ ನಿಯಮದ ಸರಳ ರೂಪ ಅದು. 15 ಲೀಟರಿನ ಆರು ಬಕೆಟ್ ಎಂದರೆ 90 ಲೀಟರ್. ಗಾಡಿಯಲ್ಲಿ 6 ಘನ ಮೀಟರ್ ಇತ್ತು, ಅಂದರೆ ಘನ ಮೀಟರಿಗೆ 15 ಲೀಟರ್. ಶಕ್ತಿ ಇಳಿಯಬೇಕಾದದ್ದು ಸುಮಾರು ನಾಲ್ಕೂವರೆ ನ್ಯೂಟನ್. ಉಳಿದ ಮೂರು ಸ್ಯಾಂಪಲ್ಲುಗಳ ಸರಾಸರಿ 30.1. ಅದರಿಂದ ನಾಲ್ಕೂವರೆ ಕಳೆದರೆ 25.6. ಬಂದದ್ದು 20.4. ಅಂದರೆ ಆರು ಬಕೆಟ್ ನೀರು ಕುಸಿತದ ಅರ್ಧವನ್ನೂ ವಿವರಿಸುವುದಿಲ್ಲ.

ಉಳಿದರ್ಧಕ್ಕೆ ತೂಕವನ್ನು ಕೇಳಬೇಕು. ಹೆಚ್ಚಿನ ನೀರಿನಿಂದ ಕ್ಯೂಬು ಶೇ. 1ರಷ್ಟು ಹಗುರಾಗಬಹುದು, ಇಲ್ಲಿ ಶೇ. 3.6 ಹಗುರಾಗಿದೆ. ಮಿಕ್ಕದ್ದು, ಶೇ. 2.6ರಷ್ಟು, ಗಾಳಿಗುಳ್ಳೆ ಎಂದು ಹಿಡಿಯಬಹುದು. ಶೇ. 1ರಷ್ಟು ಗಾಳಿ ಉಳಿದರೆ ಶಕ್ತಿ ಶೇ. 5ರಿಂದ 6 ಕುಸಿಯುತ್ತದೆ. ಆ ಲೆಕ್ಕದಲ್ಲಿ 25.6 ಇಳಿದು ಸುಮಾರು 22ಕ್ಕೆ ಬರುತ್ತದೆ. ಇನ್ನೂ ಒಂದೂವರೆ ನ್ಯೂಟನ್ ಚಿಲ್ಲರೆ ಬಾಕಿ.

ವರದಿ ಬರೆಯುವವರ ಪ್ರಾಮಾಣಿಕತೆ ಪರೀಕ್ಷೆಗೆ ಬೀಳುವುದು ಈ ಬಾಕಿಯಲ್ಲಿ. ಬಕೆಟ್ ಆರಲ್ಲ, ಒಂಬತ್ತೋ ಹತ್ತೋ ಆಗಿದ್ದರೆ ಲೆಕ್ಕ ಸರಿಯಾಗಿ 20ರ ಆಸುಪಾಸಿಗೆ ಬಂದು ಕೂರುತ್ತದೆ. ‘ಗಟ್ಟಿ ಆಗಿತ್ತು’ ಎಂಬ ಡೈರಿಯ ಮಾತೂ ಅದಕ್ಕೆ ಪುಷ್ಟಿ ಕೊಡುತ್ತದೆ: ಆರೇ ಬಕೆಟ್ಟಾದರೆ ಮುಂಚಿನ ಸ್ಲಂಪ್ 85 ಇದ್ದಿರಬೇಕು, ಅದನ್ನು ಯಾರೂ ಗಟ್ಟಿ ಎನ್ನುವುದಿಲ್ಲ. ಹಾಗೆಂದು ವರದಿಯಲ್ಲಿ ‘ಸುಮಾರು ಹತ್ತು ಬಕೆಟ್ ನೀರು ಸೇರಿಸಲಾಗಿದೆ’ ಎಂದು ಬರೆಯಬಹುದೇ? ಕೂಡದು. ಮೇಸ್ತ್ರಿ ಐದಾರು ಎಂದಿದ್ದಾರೆ, ಐದಾರು ಎಂದೇ ಬರೆಯಬೇಕು. ‘ಹೇಳಿಕೆಯಲ್ಲಿರುವ ಪ್ರಮಾಣ ಕುಸಿತವನ್ನು ಪೂರ್ತಿ ವಿವರಿಸುವುದಿಲ್ಲ, ನೀರು ಅದಕ್ಕಿಂತ ಹೆಚ್ಚಿದ್ದಿರಬಹುದು, ನೀರಿಗೆ ಮುಂಚಿನ ಸ್ಲಂಪ್ ಅಳೆಯದಿರುವುದರಿಂದ ಖಚಿತಪಡಿಸಲು ಸಾಧ್ಯವಿಲ್ಲ’ ಎಂದು ಊಹೆಯ ಭಾಗದಲ್ಲಿ ಸೇರಿಸಬೇಕು. ಲೆಕ್ಕ ಕೂಡಿಬರಲೆಂದು ಸಾಕ್ಷಿಯನ್ನು ತಿದ್ದಿದ ವರದಿ, ಎದುರು ಪಕ್ಷದ ಎಂಜಿನಿಯರ್ ಡೈರಿಯ ಮೂಲ ಪುಟ ಕೇಳಿದ ಕೂಡಲೇ ಬಿದ್ದುಹೋಗುತ್ತದೆ. ಬೀಳಬೇಕಾದದ್ದೇ.

ಇಷ್ಟರಿಂದ ಸ್ಲ್ಯಾಬಿನ ಬಗ್ಗೆ ಏನು ಗೊತ್ತಾಯಿತು? ಕ್ಯೂಬಿನೊಳಗಿನ ಗಾಳಿ ಕ್ಯೂಬಿನದು ಮಾತ್ರ. ಸ್ಲ್ಯಾಬಿಗೆ ವೈಬ್ರೇಟರ್ ಹಾಕಿದ್ದಾರೆ. ಆದರೆ ನೀರು ಸ್ಲ್ಯಾಬಿಗೂ ಹೋಗಿದೆ. ಹಾಗಾಗಿ ಸ್ಲ್ಯಾಬು ಕ್ಯೂಬಿನಷ್ಟು ಕೆಟ್ಟಿಲ್ಲದಿರಬಹುದು, ಆದರೆ ಇತರ ಗಾಡಿಗಳಷ್ಟು ಚೆನ್ನಾಗಿಯೂ ಇರಲಾರದು. ಇದನ್ನು ಕಾಗದದ ಮೇಲೆ ತೀರ್ಮಾನಿಸಲು ಬರುವುದಿಲ್ಲ, ಕೊರೆದು ನೋಡಬೇಕು.

ಎಲ್ಲಿ ಕೊರೆಯುವುದು? ಡೈರಿಯ ‘ಸಿ-ಡಿ, 2-3ಕ್ಕೆ ಹಾಕಿತು’ ಎಂಬ ಸಾಲು ಇಲ್ಲಿ ಕಟ್ಟಡದ ಮಾಲೀಕರನ್ನು ಕಾಪಾಡುತ್ತದೆ. ಸಿ ಮತ್ತು ಡಿ ಸಾಲಿನ ಕಂಬಗಳು, 2 ಮತ್ತು 3ನೇ ಸಾಲಿನ ಕಂಬಗಳ ನಡುವಿನ ಸುಮಾರು 30 ಚದರ ಮೀಟರ್ ಜಾಗ. ಈ ಸಾಲು ಇಲ್ಲದಿದ್ದರೆ ಇಡೀ ಛಾವಣಿ ಅನುಮಾನದ ಕೆಳಗೆ ಬರುತ್ತಿತ್ತು, ಎಲ್ಲ ಕಡೆ ಕೊರೆಯಬೇಕಾಗುತ್ತಿತ್ತು. ಯಾವ ಗಾಡಿಯ ಮಾಲು ಎಲ್ಲಿ ಬಿತ್ತು ಎಂದು ಬರೆದಿಡುವ ಅಭ್ಯಾಸ ನಮ್ಮ ಬಹುಪಾಲು ಸಣ್ಣ ಸೈಟುಗಳಲ್ಲಿ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ, ಯಾಕೆಂದರೆ ಅದಕ್ಕೆ ಖರ್ಚು ಒಂದು ಪೆನ್ಸಿಲ್ ಅಷ್ಟೇ.

ಕೊರೆಯುವ ಮುಂಚೆ ಸಾಮಾನ್ಯವಾಗಿ ರೀಬೌಂಡ್ ಹ್ಯಾಮರ್ ಬರುತ್ತದೆ. ಅದು ಮೇಲ್ಮೈ ಎಷ್ಟು ಗಡುಸು ಎಂದು ತೋರಿಸುವ ಸ್ಪ್ರಿಂಗ್ ಸುತ್ತಿಗೆ. ಅದರಿಂದ ಶಕ್ತಿ ಅಂದಾಜಿಸಿದರೆ ಶೇ. 25ರಷ್ಟು ಆಚೀಚೆ ಆಗಬಹುದು ಎಂದು ಭಾರತೀಯ ಮಾನಕವೇ ಹೇಳುತ್ತದೆ. ಆದರೂ ಎಷ್ಟೋ ವರದಿಗಳು ಹ್ಯಾಮರಿನಿಂದ 28 ಬಂತು, ಪಾಸ್ ಎಂದು ಬರೆದು ಫೈಲ್ ಮುಚ್ಚುತ್ತವೆ. 28ರಿಂದ ಶೇ. 25 ಕಳೆದರೆ 21, ಅಂದರೆ ಆ ಪಾಸಿಗೆ ಅರ್ಥವೇ ಇಲ್ಲ. ಹ್ಯಾಮರನ್ನು ಹೋಲಿಕೆಗೆ ಬಳಸಬೇಕು. ಐದನೇ ಗಾಡಿಯ ಜಾಗದಲ್ಲಿ ಸರಾಸರಿ 29 ಬಂದು, ಪಕ್ಕದ ಜಾಗಗಳಲ್ಲಿ 35 ಬಂದರೆ, ಡೈರಿ ತೋರಿಸಿದ ಜಾಗವೇ ದುರ್ಬಲ ಜಾಗ ಎಂಬುದಕ್ಕೆ ಅದು ಸ್ವತಂತ್ರ ಸಾಕ್ಷಿ. ಅಷ್ಟಕ್ಕೆ ಅದು ಸಾಕು, ಅಷ್ಟಕ್ಕಿಂತ ಹೆಚ್ಚಿಗೆ ಬೇಡ.

ಕೋರ್ ತೆಗೆಯುವ ಜಾಗವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಗುರುತಿಸಬೇಕು, ಒಳಗಿನ ಕಂಬಿ ಕತ್ತರಿಸದಂತೆ ಮೊದಲು ಸ್ಕ್ಯಾನ್ ಮಾಡಿಸಬೇಕು. ಕನಿಷ್ಠ ಮೂರು ಕೋರ್ ಬೇಕು. ದುಂಡಗಿನ ಕೋರ್ ಒಡೆದ ಅಂಕಿಯನ್ನು ಅದರ ಎತ್ತರ ಮತ್ತು ವ್ಯಾಸಕ್ಕೆ ತಕ್ಕಂತೆ ತಿದ್ದಿ, 1.25ರಿಂದ ಗುಣಿಸಿ, ಕ್ಯೂಬಿನ ಶಕ್ತಿಗೆ ಸಮಾನವಾದ ಅಂಕಿಗೆ ತರುತ್ತಾರೆ. ಐಎಸ್ 456 ಪ್ರಕಾರ ಅವುಗಳ ಸರಾಸರಿ ಗ್ರೇಡಿನ ಶೇ. 85, ಅಂದರೆ ಇಲ್ಲಿ 21.25 ದಾಟಬೇಕು, ಯಾವೊಂದೂ ಶೇ. 75ಕ್ಕಿಂತ, ಅಂದರೆ 18.75ಕ್ಕಿಂತ ಕೆಳಗಿರಬಾರದು. ನಮ್ಮ ಮೂರು ಕೋರುಗಳು 23.1, 21.6, 24.3 ಕೊಟ್ಟವು. ಸರಾಸರಿ 23.0. ಮಾನಕದ ಪ್ರಕಾರ ಸ್ವೀಕಾರಾರ್ಹ. ಸ್ಲ್ಯಾಬು ಕ್ಯೂಬಿಗಿಂತ ಮೇಲೆ, ಉಳಿದ ಗಾಡಿಗಳಿಗಿಂತ ಕೆಳಗೆ ಇರಬೇಕು ಎಂದು ಲೆಕ್ಕದಿಂದ ಅಂದುಕೊಂಡದ್ದಕ್ಕೂ ಇದು ಹೊಂದುತ್ತದೆ.

ಹಾಗಾದರೆ ವರದಿಯ ಕೊನೆಯ ಸಾಲು ‘ಟೆಸ್ಟ್ ಪಾಸಾಗಿದೆ’ ಎಂದೇ? ಅಲ್ಲ. ಕೋರ್ ಪಾಸಾಯಿತೆಂದು ಕ್ಯೂಬಿನ ಫೇಲು ಅಳಿಸಿಹೋಗುವುದಿಲ್ಲ. ಅವೆರಡೂ ಬೇರೆ ಪ್ರಶ್ನೆಗಳ ಉತ್ತರ. ಕ್ಯೂಬು ಕೇಳುವುದು, ಕೊಂಡ ಮಾಲು ಒಪ್ಪಂದದಂತೆ ಇತ್ತೇ ಎಂದು. ಕೋರು ಕೇಳುವುದು, ಹಾಕಿದ ಮೇಲೆ ಅದನ್ನು ಇಟ್ಟುಕೊಳ್ಳಬಹುದೇ ಎಂದು. ವರದಿ ಎರಡನ್ನೂ ಬೇರೆ ಬೇರೆ ಹೇಳಬೇಕು:

‘ಸ್ಯಾಂಪಲ್ 3 ಮತ್ತು ನಾಲ್ಕು ಸ್ಯಾಂಪಲ್ಲುಗಳ ಸರಾಸರಿ ಐಎಸ್ 456ರ ಸ್ವೀಕಾರ ಮಾನದಂಡವನ್ನು ಪೂರೈಸಿಲ್ಲ. ಸಿ-ಡಿ, 2-3 ಭಾಗದಿಂದ ತೆಗೆದ ಮೂರು ಕೋರುಗಳು ಅದೇ ಮಾನಕದ ಕೋರ್ ಮಾನದಂಡವನ್ನು ಪೂರೈಸಿವೆ. ಆ ಭಾಗದ ಭಾರ ಹೊರುವ ಸಾಮರ್ಥ್ಯವನ್ನು ಕೋರ್ ಫಲಿತಾಂಶ ಆಧರಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಪರಿಶೀಲಿಸಿ ಲಿಖಿತವಾಗಿ ದೃಢಪಡಿಸಬೇಕು.’

‘ಕಟ್ಟಡ ಸುರಕ್ಷಿತವಾಗಿದೆ’ ಎಂಬ ಮಾತನ್ನು ಲ್ಯಾಬಿನವರಾಗಲಿ ಸೈಟಿನವರಾಗಲಿ ಬರೆಯಬಾರದು. ಅದನ್ನು ಹೇಳುವ ಅಧಿಕಾರ ವಿನ್ಯಾಸ ಮಾಡಿದವರದು. ಹೆಚ್ಚಿನ ನೀರು ಬಿದ್ದ ಕಾಂಕ್ರೀಟಿನಲ್ಲಿ ಸೂಕ್ಷ್ಮ ರಂಧ್ರಗಳೂ ಹೆಚ್ಚು. ಇದು ಮಳೆಗೆ ತೆರೆದ ಛಾವಣಿಯಾದ್ದರಿಂದ ಆ ಭಾಗದ ವಾಟರ್‌ಪ್ರೂಫಿಂಗ್ ಬಗ್ಗೆ ಒಂದು ಶಿಫಾರಸು ಸೇರಬೇಕು. ಶಕ್ತಿ ಪಾಸಾದ ಖುಷಿಯಲ್ಲಿ ಬಾಳಿಕೆಯನ್ನು ಮರೆತ ವರದಿಗಳೇ ಹೆಚ್ಚು.

ತಿಳಿಯದೇ ಉಳಿದದ್ದಕ್ಕೂ ಒಂದು ಪ್ಯಾರಾ ಬೇಕು, ಮತ್ತು ಅದು ಕೊನೆಯ ಪುಟದ ಮೂಲೆಯಲ್ಲಿ ಅಡಗಿರಬಾರದು. ನೀರಿಗೆ ಮುಂಚಿನ ಸ್ಲಂಪ್ ಇಲ್ಲ. ಕುಟ್ಟುವುದನ್ನು ನೋಡಿದವರಿಲ್ಲ. ಏಳು ದಿನದ ಕ್ಯೂಬುಗಳನ್ನು ಮೊದಲ ಗಾಡಿಯಿಂದ ಮಾತ್ರ ತೆಗೆದಿದ್ದರು. ಐದನೆಯದರಿಂದಲೂ ತೆಗೆದಿದ್ದರೆ ಈ ತೊಂದರೆ ಮೂರು ವಾರ ಮುಂಚೆಯೇ ಗೊತ್ತಾಗುತ್ತಿತ್ತು, ಮೇಲೆ ಗೋಡೆ ಏಳುವ ಮುಂಚೆ ಕೋರ್ ತೆಗೆಯಬಹುದಿತ್ತು. ಇಂಥ ಕೊರತೆಗಳನ್ನು ಒಪ್ಪಿ ಬರೆದ ವರದಿಯನ್ನು ಓದುವ ಅಧಿಕಾರಿ ಉಳಿದ ಮಾತನ್ನೂ ನಂಬುತ್ತಾರೆ.

ಇನ್ನು ಆ ಡೈರಿ. ಅದನ್ನು ‘ನೀಟಾಗಿ’ ಮತ್ತೆ ಬರೆಸುವ ಚಾಳಿ ನಮ್ಮಲ್ಲಿದೆ. ತನಿಖೆ ಎಂದ ಕೂಡಲೇ ಹೊಸ ಪುಸ್ತಕ ತಂದು, ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ತಿಂಗಳ ಪುಟಗಳನ್ನು ತುಂಬಿಸುತ್ತಾರೆ. ದಯವಿಟ್ಟು ಬೇಡ. ಕಲೆಯಾದ, ಗೀಚಿದ ಮೂಲ ಪುಟದ ಫೋಟೋವನ್ನೇ ವರದಿಗೆ ಅನುಬಂಧವಾಗಿ ಸೇರಿಸಿ. ‘ಡ್ರೈವರ್ ನೀರು ಹೊಡೆದ’ ಎಂಬ ಸಾಲು ಅಲ್ಲಿ ಹಾಗೇ ಇರಲಿ. ಅದು ಕೇಳಿದ ಮಾತು ಎಂಬ ವಿವರಣೆ ವರದಿಯ ಒಳಗಿರಲಿ.

ಮನೆ ಕಟ್ಟಿಸುತ್ತಿರುವವರಿಗೂ ಒಂದು ಮಾತು. ನಿಮ್ಮ ಸ್ಲ್ಯಾಬಿನ ದಿನ ಕಾಂಕ್ರೀಟಿನ ಗುಣ ಅಳೆಯಲು ನಿಮಗೆ ಬರದಿರಬಹುದು, ಆದರೆ ಒಂದು ನೋಟ್‌ಬುಕ್ ಹಿಡಿದು ನಿಲ್ಲಬಹುದು. ಪ್ರತಿ ಗಾಡಿಗೂ ಚಲನ್ ನಂಬರು, ತುಂಬಿದ ಸಮಯ, ಬಂದ ಸಮಯ, ಖಾಲಿಯಾದ ಸಮಯ, ಮಾಲು ಬಿದ್ದ ಜಾಗ ಬರೆದುಕೊಳ್ಳಿ. ಯಾರಾದರೂ ಗಾಡಿಗೆ ನೀರು ಹಾಕಲು ಹೊರಟರೆ ತಡೆದು, ಮೊದಲು ಸ್ಲಂಪ್ ಅಳೆಯಿರಿ ಎನ್ನಿ, ಆ ಅಂಕಿಯನ್ನೂ ಬರೆಯಿರಿ. ಕ್ಯೂಬ್ ತುಂಬುವಾಗ ಪಕ್ಕದಲ್ಲೇ ನಿಂತು ಕುಟ್ಟುವುದನ್ನು ಎಣಿಸಿ, ಪದರಕ್ಕೆ ಮೂವತ್ತೈದು.